ವಸಿ ಬಾಡ್ಸು, ಸುಡಬ್ಯಾಡ

ತುಳಸಿ ಗಿಡ ತರಲು ಹೋದ ನಂಜುಂಡ ದೊಡ್ಡಪತ್ರೆ ತಂದ.

ಹುಣಸೂರು ರಸ್ತೆ ಪಕ್ಕದ ನರ್ಸರಿಯಲ್ಲಿ ಅವನ ಅಂಗಿ ತೋಳು ದಪ್ಪ ಎಲೆಯೊಂದಕ್ಕೆ ಉಜ್ಜಿತ್ತು. ಓಮದ ವಾಸನೆ ಮೂಗಿಗೆ ಹೊಡೆಯಿತು. ನಲವತ್ತು ರೂಪಾಯಿ ಕೊಟ್ಟು ಕುಂಡ ಎತ್ತಿಕೊಂಡ, ತುಳಸಿ ಮರೆತೇ ಹೋಯಿತು.

"ಇದನ್ನು ಪೂಜೆಗೆ ಇಡೋಕಾಗುತ್ತಾ ರೀ?" ಎಂದಳು ಸವಿತಾ. ಸುಮ್ನೆ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ ಇಟ್ಟ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವನು ಸ್ಟೋರ್ ಕೀಪರ್. ಯಾವ ಬೋಲ್ಟು ಯಾವ ರ್‍ಯಾಕಿನಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುತ್ತಾನೆ. ಮನೆಯ ಅಡುಗೆಮನೆಯಲ್ಲಿ ಮಾತ್ರ ಜೀರಿಗೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ. ಅದು ಪೂರ್ತಿ ಅವನ ತಪ್ಪೂ ಅಲ್ಲ. ಪಾಂಡವಪುರದ ಹತ್ತಿರದ ಅವನ ಊರಲ್ಲಿ ಗಂಡುಮಕ್ಕಳು ಒಲೆ ಹತ್ತಿರ ಸುಳಿದರೆ, "ಇಲ್ಲೇನ್ಲಾ ನಿಂಗೆ ಕೆಲ್ಸ, ಎದ್ದೋಗು" ಎಂದು ಅಟ್ಟುತ್ತಿದ್ದರು. ಹುಷಾರಿಲ್ಲದಾಗ ಮದ್ದಿನ ಲೋಟ ಕೈಗೆ ಬರುತ್ತಿತ್ತು, ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದ, ಅಷ್ಟೇ. ಲೋಟದೊಳಗೆ ಏನಿತ್ತು ಅಂತ ಕೇಳಿದವನಲ್ಲ.

ಮಾಗಿಯ ಚಳಿ ಶುರುವಾಯಿತು. ಆರು ವರ್ಷದ ಚಿನ್ನುವಿಗೆ ಕೆಮ್ಮು. ಜ್ವರ ಇಲ್ಲ, ಆಟ ನಿಂತಿಲ್ಲ. ಆದರೆ ಮಲಗಿದರೆ ಸಾಕು, ಖೊಕ್ ಖೊಕ್. ಬೆಳಗಿನ ಜಾವ ನಂಜುಂಡ ಊರಿಗೆ ಫೋನ್ ಮಾಡಿದ. ಅವ್ವ ಡೇರಿಗೆ ಹಾಲು ಹಾಕಲು ಹೊರಟಿದ್ದಳು.

"ಎಲೆ ತೊಳ್ದು ಹೆಂಚಿನ ಮ್ಯಾಲೆ ವಸಿ ಬಾಡ್ಸು. ಸುಡಬ್ಯಾಡ ಕಣ್ಲಾ. ಬೆಚ್ಚಗಿದ್ದಂಗೇ ಹಿಂಡು. ಒಂದು ಚಮಚ ರಸ, ಅದ್ಕೆ ವಸಿ ಜೇನುತುಪ್ಪ."

"ವಸಿ ಅಂದ್ರೆ ಎಷ್ಟವ್ವ?"

"ವಸಿ ಅಂದ್ರೆ ವಸಿ. ಮಗು ಮುಖ ಕಿವುಚಬಾರ್ದು, ಅಷ್ಟು."

ಚಪಾತಿ ಹೆಂಚಿನ ಮೇಲೆ ಎಲೆಗಳು ಮೆತ್ತಗಾಗಿ ಬಣ್ಣ ತಿರುಗಿದವು. ಹಿಂಡಿದರೆ ಹಸಿರು ರಸ ಬೆರಳ ಸಂದಿಯಲ್ಲಿ ಇಳಿಯಿತು. ಬಾಲ್ಯದಲ್ಲಿ ಕುಡಿದ ಲೋಟಗಳಲ್ಲಿ ಒಂದು ಇದೇ, ಅನುಮಾನವೇ ಇಲ್ಲ. ಚಿನ್ನು ಮುಖ ಕಿವುಚಿದಳು. ಇನ್ನೂ ವಸಿ ಜೇನು ಬೇಕಿತ್ತೇನೋ.

ಕೆಮ್ಮು ಒಂದೇ ರಾತ್ರಿಗೆ ಓಡಿಹೋಗಲಿಲ್ಲ. ಗಂಟಲು ಸ್ವಲ್ಪ ಹಗುರಾಯಿತು, ಮಗು ನಿದ್ದೆ ಮಾಡಿತು. ಅಲ್ಲಿಂದ ನಂಜುಂಡನಿಗೆ ಒಂಥರಾ ಹುಚ್ಚು ಹಿಡಿಯಿತು. ಊಟದ ಬಿಡುವಿನಲ್ಲೂ ಅವ್ವನಿಗೆ ಫೋನ್. ಹೊಟ್ಟೆ ಉಬ್ಬರಕ್ಕೆ ಏನು? ಓಮ, ಉಪ್ಪಿನ ಜೊತೆ. ಭೇದಿ ಆದರೆ? ಮೆಂತ್ಯ ನೆನೆಸಿ ಮಜ್ಜಿಗೆಯಲ್ಲಿ. ಗಂಟಲು ಕೆರೆತಕ್ಕೆ? ಶುಂಠಿ, ಬೆಲ್ಲ. ಹೆಚ್ಚಾದ ದೊಡ್ಡಪತ್ರೆಯನ್ನು ಕಾಯಿ, ಹಸಿಮೆಣಸಿನಕಾಯಿ ಹಾಕಿ ಸವಿತಾ ಚಟ್ನಿ ಅರೆದಳು. ಮುರಿದ ಕಡ್ಡಿಯನ್ನು ಮಣ್ಣಿಗೆ ಚುಚ್ಚಿದರೆ ಅದೂ ಚಿಗುರಿತು. ನೀರು ಜಾಸ್ತಿಯಾದರೆ ಕೊಳೆಯುತ್ತದೆ, ಬಿಟ್ಟರೆ ಬದುಕಿಕೊಳ್ಳುತ್ತದೆ. ಸಿಟಿ ಮಂದಿಗೆ ಹೇಳಿ ಮಾಡಿಸಿದ ಗಿಡ.

ಇದನ್ನೆಲ್ಲ ಅವನು ಸ್ಟೋರಿನ ಹಳೆಯ ರಿಜಿಸ್ಟರಿನಲ್ಲಿ ಬರೆಯತೊಡಗಿದ. ಸಾಮಾನು, ಪ್ರಮಾಣ, ಉಪಯೋಗ ಅಂತ ಮೂರು ಕಾಲಂ. ಪ್ರಮಾಣದ ಕಾಲಂ ಮಾತ್ರ ತುಂಬಲೇ ಇಲ್ಲ. ಅವ್ವನ ಬಾಯಲ್ಲಿ ಎಲ್ಲವೂ ವಸಿ.

ಒಂದು ಸಂಜೆ ಕೆಳಗಿನ ಮನೆಯ ಮಂಜುಳಾ ಬಂದಳು. "ಅಣ್ಣ, ಮಗುಗೆ ತುಂಬಾ ಕೆಮ್ಮು, ಎದೆ ಗೊರಗೊರ ಅಂತಿದೆ. ನಾಲ್ಕು ಎಲೆ ಕೊಡ್ತೀರಾ?" ಮಗುವಿಗೆ ಎಂಟು ತಿಂಗಳು. ನಂಜುಂಡ ಎಲೆ ಕಿತ್ತೇಬಿಟ್ಟಿದ್ದ. ಏನೋ ಅನ್ನಿಸಿ ಅವ್ವನಿಗೆ ಫೋನ್ ಹಚ್ಚಿದ.

"ಎದೆ ಗೊರಗುಟ್ತಾ ಐತಾ? ಎಲೆ ಅಲ್ಲೇ ಮಡಗು! ಒಂದು ವರ್ಷ ತುಂಬದ ಕೂಸ್ಗೆ ಜೇನು ನೆಕ್ಸಬಾರ್ದು ಅಂತ ಆಸ್ಪತ್ರೆ ನರ್ಸಮ್ಮ ಹೇಳವ್ರೆ. ಮೊದ್ಲು ಡಾಕ್ಟ್ರತ್ರ ಕಳ್ಸು. ಸೊಪ್ಪು ಹಿಡ್ಕಂಡು ಕೂತ್ಕಂಡ್ಯೋ, ನಾನೇ ಬಂದು ಬಾರಿಸ್ತೀನಿ."

ನಂಜುಂಡನೇ ಆಟೋ ತಂದ. ಮಗುವಿಗೆ ಕಫ ಕಟ್ಟಿತ್ತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳುಹಿಸಿದರು.

ಆ ಭಾನುವಾರ ಅವನು ರಿಜಿಸ್ಟರ್ ಹಿಡಿದು ಊರಿಗೆ ಹೋದ. ಅವ್ವ ಒಲೆ ಮುಂದೆ ಮೆಣಸಿನ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಪೆನ್ನು ತೆಗೆದ.

"ಹೇಳವ್ವ, ಮೆಣಸು ಎಷ್ಟು, ಜೀರಿಗೆ ಎಷ್ಟು?"

ಅವ್ವ ರಿಜಿಸ್ಟರನ್ನೂ ಅವನನ್ನೂ ನೋಡಿದಳು. "ಬರ್ಕಂಡು ಯಾರ್ಗೆ ಲೆಕ್ಕ ಒಪ್ಪಿಸ್ಬೇಕ್ಲಾ? ಕೈ ತೊಳ್ಕಂಡು ಒಳಗ್ ಬಾ. ಮೆಣ್ಸು ಕುಟ್ಟು."