ಇನ್ನು 6 ಗಂಟೆ ಅಷ್ಟೇ, ಇವತ್ತು ನಮ್ ಫೆಸ್ಟ್‌ನ ಲಾಸ್ಟ್ ಡೇ!!

ಈಗ ಬೆಳಿಗ್ಗೆ 10, ಸರಿಯಾಗಿ ಸಂಜೆ 4ಕ್ಕೆ ಡೊಳ್ಳು ಶುರು. ಎರಡು ದಿನ ಬಂದಿರೋರು ಇವತ್ತೂ ಬನ್ನಿ, ಬರದೇ ಇರೋರಂತೂ ಇವತ್ತು ತಪ್ಪಿಸ್ಕೋಬೇಡಿ ಮಾರಾಯ್ರೆ. ಎಲ್ಲರಿಗೂ ಒಂದೇ ರಿಕ್ವೆಸ್ಟ್, ಬ್ಯಾಂಡ್ ಟೈಮಿಗೆ ಬಂದ್ರಾಯ್ತು ಅಂತ 8 ಗಂಟೆಗೆ ಬರ್ಬೇಡಿ, ಯಾಕಂದ್ರೆ ಇವತ್ತಿನ ನಿಜವಾದ ಗಮ್ಮತ್ತು ಅದಕ್ಕಿಂತ ಮುಂಚೆನೇ ಇದೆ.

4:00 ಡೊಳ್ಳು ಕುಣಿತ, ಮೇನ್ ಗೇಟಿಂದ ಗ್ರೌಂಡ್‌ವರೆಗೂ. ಫೈನಲ್ ಬಿಎ ಹುಡುಗೀರ ಟೀಮ್, ಸಾಗರದ ಕಡೆಯಿಂದ ಮೇಷ್ಟ್ರನ್ನ ಕರೆಸಿ ಕಲ್ತಿದಾರೆ, ಡೊಳ್ಳು ಹೊತ್ಕೊಂಡು ಹಾರಿ ಹಾರಿ ಕುಣಿಯೋದು ಅಂದ್ರೆ ಸುಮ್ನೆ ಅಲ್ಲ, ಭುಜದ ಮೇಲೆ ಪಟ್ಟಿ ಒತ್ತಿರೋ ಗುರುತು ಇನ್ನೂ ಹೋಗಿಲ್ಲ ಅವರಿಗೆ. ಸಂಜೆ ಇಬ್ಬನಿ ಬಿದ್ರೆ ಚರ್ಮ ಸಡಿಲ ಆಗಿ ಸೌಂಡ್ ಸತ್ತೋಗತ್ತೆ, ಅದಕ್ಕೇ ಬಿಸಿಲಿರೋವಾಗ್ಲೇ ಇಟ್ಟಿರೋದು, ಲೇಟ್ ಆಗೋ ಮಾತೇ ಇಲ್ಲ.

4:45ಕ್ಕೆ ಭಾವಗೀತೆ. ಕುವೆಂಪು, ಜಿಎಸ್‌ಎಸ್ ಇಬ್ರೂ ನಮ್ ಜಿಲ್ಲೆಯವರೇ, ಅವರ ಹಾಡುಗಳೇ ಜಾಸ್ತಿ ಇವೆ. ಕೊನೇ ಹಾಡು ಶಿವಮೊಗ್ಗ ಸುಬ್ಬಣ್ಣ ಅವರ ನೆನಪಿಗೆ, ಹೊಸನಗರ ತಾಲೂಕಿನ ನಗರ ಅನ್ನೋ ಊರಲ್ಲಿ ಹುಟ್ಟಿ ಶಿವಮೊಗ್ಗದ ಹೆಸರನ್ನೇ ತಮ್ಮ ಹೆಸರು ಮಾಡ್ಕೊಂಡು ಹಾಡಿದೋರು, 2022ರಲ್ಲಿ ತೀರ್ಕೊಂಡ್ರು, ನಮ್ ಸ್ಟೇಜಲ್ಲಿ ಅವರಿಗೆ ಒಂದು ಹಾಡು ಇರ್ಲೇಬೇಕು ಅನ್ನಿಸ್ತು.

5:30 ಸ್ಕಿಟ್ ಫೈನಲ್, 6:15 ಗ್ರೂಪ್ ಡ್ಯಾನ್ಸ್.

7:15ಕ್ಕೆ ಯಕ್ಷಗಾನ!! ಚಕ್ರವ್ಯೂಹದ ಭಾಗ ಮಾತ್ರ, ಮುಕ್ಕಾಲು ಗಂಟೆ. ಅಭಿಮನ್ಯು ನಮ್ ಸೆಕೆಂಡ್ ಇಯರ್ ಬಿಎಸ್ಸಿ ಹುಡುಗಿ, ಚಿಕ್ಕ ವಯಸ್ಸಿಂದ ಕಲ್ತೋಳು, ರಿಹರ್ಸಲ್‌ನಲ್ಲಿ ಅವಳು ಮಂಡಿಯಲ್ಲಿ ತಿರುಗೋದು ನೋಡಿ ಲೈಟ್ಸ್ ಹುಡುಗ್ರು ಕೆಲಸ ಬಿಟ್ಟು ನಿಂತ್ಬಿಟ್ರು. ಭಾಗವತರು, ಮದ್ದಳೆ, ಚಂಡೆ ಎಲ್ಲಾ ಲೈವ್, ರೆಕಾರ್ಡ್ ಹಾಕಿ ಕುಣಿಯೋದಲ್ಲ. ಹಳೇ ಲೈಬ್ರರಿ ಪಕ್ಕದ ರೂಮೇ ಚೌಕಿ, ಬಣ್ಣ ಹಚ್ಚೋದು ನೋಡ್ಬೇಕು ಅನ್ನೋರು 5:30ಕ್ಕೆ ಕಿಟಕಿ ಹತ್ರ ಬನ್ನಿ, ಒಳಗೆ ಹೋಗಿ ಸೆಲ್ಫಿ ಕೇಳ್ಬೇಡಿ ಪ್ಲೀಸ್, ಮುಂಡಾಸು ಕಟ್ಟೋವಾಗ ತೊಂದ್ರೆ ಆಗತ್ತೆ.

8:15 ನಮ್ ಕಾಲೇಜ್ ಬ್ಯಾಂಡ್, 9:15 ಬಹುಮಾನ, ಆಮೇಲೆ ಇರೋಷ್ಟು ಹೊತ್ತು ಎಲ್ಲರೂ ಕುಣಿಯೋದು. 10ಕ್ಕೆ ಮೈಕ್ ಆಫ್, ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅನ್ನೋದು ರೂಲ್, ಅದಕ್ಕೇ ಪ್ರತೀ ಟೀಮೂ ಟೈಮಿಗೆ ಸ್ಟೇಜ್ ಹತ್ರ ಇರಿ, ನೀವು 10 ನಿಮಿಷ ಲೇಟ್ ಮಾಡಿದ್ರೆ ಕೊನೇಲಿ ಬೇರೆ ಯಾರದ್ದೋ ಹಾಡು ಕಟ್ ಆಗತ್ತೆ.

ಇನ್ನು ಊಟ ತಿಂಡಿ. ಸ್ಟಾಲ್‌ಗಳು 3:30ಕ್ಕೇ ಓಪನ್. ಮೊದ್ಲು ಹೋಗ್ಬೇಕಾಗಿರೋದು ತೊಡೆದೇವು ಹತ್ರ, ನಮ್ ಕ್ಲಾಸ್‌ಮೇಟ್ ಒಬ್ಬಳ ಅಮ್ಮ ಮತ್ತೆ ಅತ್ತೆ ಬರ್ತಿದಾರೆ, ಬೋರಲು ಹಾಕಿದ ಮಡಕೆ ಕೆಳಗೆ ಬೆಂಕಿ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟನ್ನ ಬಟ್ಟೆಯಲ್ಲಿ ಒಂದೇ ಸಲ ಎಳೀತಾರೆ, ಪೇಪರ್ ಥರ ಏಳತ್ತೆ, ಬಿಸಿ ಇರುವಾಗ್ಲೇ ತುಪ್ಪ ಹಾಕಿ ಮಡಚಿ ಕೊಡ್ತಾರೆ. ಒಂದಕ್ಕೆ 20 ರೂಪಾಯಿ, ಒಂದೊಂದೇ ಮಾಡ್ಬೇಕಾಗಿರೋದ್ರಿಂದ ಕ್ಯೂ ಇರತ್ತೆ, ಕಾಯಿರಿ, ಕಾಯೋದಕ್ಕೆ ಮೋಸ ಇಲ್ಲ. ಆಲೆಮನೆ ಸೀಸನ್ ಅಲ್ವಾ, ಪಕ್ಕದಲ್ಲೇ ಶುಂಠಿ ನಿಂಬೆ ಹಾಕಿದ ಕಬ್ಬಿನ ಹಾಲು ಮತ್ತೆ ಮಂಡಕ್ಕಿ ಕೂಡ ಇದೆ.

ನಾನ್‌ವೆಜ್ ಬೇಕು ಅನ್ನೋರಿಗೆ ಕಡುಬು ಕೋಳಿಸಾರು, ತೀರ್ಥಹಳ್ಳಿ ಹುಡುಗ್ರ ಸ್ಟಾಲ್, ಪ್ಲೇಟ್ 90. ನಿನ್ನೆ 7:30ಕ್ಕೇ ಖಾಲಿ ಆಗಿತ್ತು, ಇವತ್ತು ಜಾಸ್ತಿ ಮಾಡ್ತಿದಾರೆ ಆದ್ರೂ ಡ್ಯಾನ್ಸ್ ಮುಗಿಯೋದ್ರೊಳಗೆ ತಿಂದ್ಬಿಡಿ. ಅಕ್ಕಿ ರೊಟ್ಟಿ ಚಟ್ನಿ, ಮೆಣಸಿನಕಾಯಿ ಬಜ್ಜಿ, ಚಾ ಕಾಫಿ ಕಷಾಯ ಎಲ್ಲಾ ಬಾಳೆ ಸಾಲಿನಲ್ಲಿದೆ, ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ಮನೆಗೆ ತಗೊಂಡು ಹೋಗೋಕೂ ಸಿಗತ್ತೆ. ಎಲ್ಲಾ ಹಾಳೆತಟ್ಟೆ, ಹಸಿರು ಡಬ್ಬಕ್ಕೆ ಹಾಕಿ. ಕುಡಿಯೋ ನೀರಿನ ಕ್ಯಾನ್ ಇಟ್ಟಿದೀವಿ, ಬಾಟ್ಲಿ ನೀವೇ ತನ್ನಿ. ಫೋನ್ ಪೇ ಮೂರು ಸ್ಟಾಲಲ್ಲಿ ಮಾತ್ರ, ಗ್ರೌಂಡಲ್ಲಿ ನೆಟ್‌ವರ್ಕ್ ಸಿಗಲ್ಲ, ಚಿಲ್ಲರೆ ಇಟ್ಕೊಂಡು ಬನ್ನಿ.

ಬಂದ ತಕ್ಷಣ ಸ್ಟೇಜ್ ಹಿಂದಿನ ಪರದೆ ಹತ್ರದಿಂದ ನೋಡಿ, ಕೆಮ್ಮಣ್ಣಿನ ಬಣ್ಣದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ, ಪುಂಡಿ ನಾರಿನ ಕುಂಚದಲ್ಲೇ ಬರ್ದಿರೋದು, ಪ್ರಿಂಟ್ ಅಲ್ಲ. ದೀವರ ಮನೆಗಳ ಗೋಡೆ ಮೇಲಿನ ಕಲೆ ಇದು, ಬರ್ದಿರೋ ಮೂರು ಜನರಲ್ಲಿ ಇಬ್ರು ಮನೇಲಿ ಅಜ್ಜಿ ಹತ್ರ ಕಲ್ತಿರೋರು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಗೋರು ಲಾಸ್ಟ್ ಬಸ್ ಟೈಮ್ ಮೊದ್ಲೇ ನೋಡ್ಕೊಳಿ. ಉಳ್ಕೊಳೋ ಹುಡುಗೀರಿಗೆ ಹಾಸ್ಟೆಲ್‌ನಲ್ಲಿ ವ್ಯವಸ್ಥೆ ಮಾಡಿದೀವಿ, 2 ಗಂಟೆ ಒಳಗೆ ರಿಸೆಪ್ಷನ್ ಡೆಸ್ಕಲ್ಲಿ ಹೆಸರು ಬರೆಸಿ. ಅಪ್ಪ ಅಮ್ಮ, ತಮ್ಮ ತಂಗಿ ಎಲ್ರನ್ನೂ ಕರ್ಕೊಂಡು ಬರ್ಬಹುದು, ಎಂಟ್ರಿ ಫ್ರೀ, ಸ್ಟೂಡೆಂಟ್ಸ್ ಮಾತ್ರ ಐಡಿ ಕಾರ್ಡ್ ತರ್ಲೇಬೇಕು. ಸ್ವೆಟರ್ ಮರೀಬೇಡಿ. 4 ಗಂಟೆ, ಮೇನ್ ಗೇಟ್, ಬನ್ನಿ!!