‘1819’: ಶೀರ್ಷಿಕೆ ದೃಶ್ಯಗಳ ಚಿತ್ರಕಥೆ

ಕನ್ನಡ ವೆಬ್ ಸರಣಿ, ಎಂಟು ಕಂತು. ಶೀರ್ಷಿಕೆಯ ಅವಧಿ: 90 ಸೆಕೆಂಡು.

ತಂಡಕ್ಕೆ: ಸಮುದ್ರಮಟ್ಟದಿಂದ 1819 ಅಡಿ ಎಂದರೆ ಲಿಂಗನಮಕ್ಕಿ ಜಲಾಶಯ ತುಂಬುವ ಮಟ್ಟ. 1964ರಲ್ಲಿ ಹನ್ನೊಂದು ವರ್ಷದ ಗೌರಮ್ಮ ಬಿಟ್ಟುಬಂದ ಮನೆ ಆ ಗೆರೆಯ ಕೆಳಗಿದೆ. ಹಾಗಾಗಿ ಈ ಶೀರ್ಷಿಕೆಯ ಉದ್ದಕ್ಕೂ ಒಂದೇ ಒಂದು ಬಿಳಿ ಗೆರೆ ಓಡುತ್ತದೆ. ವಸ್ತು ಬದಲಾಗುತ್ತದೆ, ಗೆರೆ ತುಂಡಾಗುವುದಿಲ್ಲ.

00:00 – 00:05
ಕಪ್ಪು ಪರದೆ. ಹಿನ್ನೀರಿನಲ್ಲಿ ಎಲ್ಲೋ ದೂರ ಲಾಂಚ್ ಎಂಜಿನ್ನಿನ ಸದ್ದು.
ಅಕ್ಷರ: ನಿರ್ಮಾಣ: ವನಮಾಲಾ ಕೆರೆಕೊಪ್ಪ

00:05 – 00:27
ಕೆಮ್ಮಣ್ಣು ಬಳಿದ ಗೋಡೆ, ತೀರ ಹತ್ತಿರದಿಂದ. ಮುದುಕಿಯ ಬೆರಳುಗಳ ನಡುವೆ ಪುಂಡಿ ನಾರಿನ ಕುಂಚ, ತುದಿಯಲ್ಲಿ ಅಕ್ಕಿ ಹಿಟ್ಟಿನ ಬಣ್ಣ. ದೀವರ ಹಸೆ ಚಿತ್ತಾರದ ಮೊದಲ ಗೆರೆ ಎಳೆಯುತ್ತಾಳೆ. ಹಸಿಯಾಗಿರುವಾಗ ಆ ಗೆರೆ ಸರಿಯಾಗಿ ಕಾಣುವುದೇ ಇಲ್ಲ. ಒಣಗುತ್ತಾ ಬಂದಂತೆ ಬೆಳ್ಳಗಾಗುತ್ತದೆ. ನಮ್ಮ ಅಕ್ಷರಗಳೂ ಹೀಗೆಯೇ ಮೂಡಬೇಕು: ಮೊದಲು ಗೋಡೆಯ ಮೇಲಿನ ತೇವ, ಆಮೇಲೆ ಬಿಳುಪು.
ಅಕ್ಷರ: ಗೌರಮ್ಮನಾಗಿ ಸಾವಿತ್ರಿ ಹೊಸಗದ್ದೆ
ಅಕ್ಷರ: ವಿದ್ಯಾ ಪಾತ್ರದಲ್ಲಿ ಮೇಘನಾ ತುಮರಿಕೊಪ್ಪ
ಎರಡನೆಯ ಹೆಸರು ಮೂಡುವಾಗ ಮೊಮ್ಮಗಳ ಕೈ ಚೌಕಟ್ಟಿನೊಳಗೆ ಬರುತ್ತದೆ. ಅವಳ ಗೆರೆ ನಡುಗುತ್ತದೆ, ಅಜ್ಜಿ ತಿದ್ದುವುದಿಲ್ಲ. ಈ ಭಾಗಕ್ಕೆ ಸಂಗೀತ ಬೇಡ. ನಾರು ಗೋಡೆಗೆ ಉಜ್ಜುವ ಸದ್ದು ಸಾಕು. ಚಿತ್ತಾರ ಬರೆದು ಗೊತ್ತಿರುವವರ ಕೈಯನ್ನೇ ಚಿತ್ರೀಕರಿಸಬೇಕು. ನಟಿಯ ಕೈ ಇಲ್ಲಿ ಸುಳ್ಳಾಗುತ್ತದೆ.

00:27 – 00:41
ಗೋಡೆಯ ಬುಡದಲ್ಲಿ ನೀರು. ಅಲೆಯಿಲ್ಲ, ಅಬ್ಬರವಿಲ್ಲ, ಬೆರಳಷ್ಟು ಬೆರಳಷ್ಟು ಏರುತ್ತದೆ. ಕೆಮ್ಮಣ್ಣು ಕರಗಿ ನೀರಿಗೆ ಬೆರೆಯುತ್ತದೆ. ಚಿತ್ತಾರದ ಕೊನೆಯ ಗೆರೆಯನ್ನು ಮುಟ್ಟುವ ಹೊತ್ತಿಗೆ ಆ ಗೆರೆಯೇ ನೀರಿನ ಮೇಲ್ಮೈ. ಕ್ಯಾಮೆರಾ ಮುಳುಗುತ್ತದೆ. ಕೆಳಗೆ ಒರಳುಕಲ್ಲು, ತುಳಸಿ ಕಟ್ಟೆ, ಹೊಸ್ತಿಲು.
ಅಕ್ಷರ: ಛಾಯಾಗ್ರಹಣ: ಪ್ರಸನ್ನ ಬಾಳೆಗುಂಡಿ
ಅಕ್ಷರ: ಕಲಾ ನಿರ್ದೇಶನ: ನಾಗರತ್ನ ಮಾವಿನಸರ
ಗೋಡೆಯನ್ನು ತೊಟ್ಟಿಯೊಳಗೆ ನಿಜವಾಗಿ ಕಟ್ಟಿ, ನಿಜವಾಗಿ ಕರಗಿಸೋಣ. ಗ್ರಾಫಿಕ್ಸ್ ಮಣ್ಣಿಗೆ ಆ ಭಾರ ಬರುವುದಿಲ್ಲ.

00:41 – 00:52
ನೀರು ಇಳಿದಿದೆ. ಬಿರುಕು ಬಿಟ್ಟ ಕೆಸರು, ಕರಿ ಮೋಟುಮರಗಳು. ನಡುವೆ ಹಿರೇಭಾಸ್ಕರ ಅಣೆಕಟ್ಟು. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿ, ಲಿಂಗನಮಕ್ಕಿಯ ನೀರಿನಲ್ಲೇ ಮುಳುಗಿದ್ದು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಮಡೆನೂರಿನ ಬಳಿ ಮೇಲೆದ್ದು ಬರುತ್ತದೆ. ಅದರ ಗೋಡೆಗೆ ಅಂಟಿದ ನೀರಿನ ಗುರುತೇ ಈಗ ನಮ್ಮ ಗೆರೆ.
ಅಕ್ಷರ: ಸಂಕಲನ: ಇಮ್ರಾನ್ ಸೊರಬ

00:52 – 01:04
ಗುರುತು ದಾರವಾಗುತ್ತದೆ: ಕಡತ ಕಟ್ಟಿದ ಬಿಳಿ ದಾರ. ಗಂಟು ಬಿಚ್ಚಿದರೆ ಹಳದಿಗಟ್ಟಿದ ಅರ್ಜಿ, ಅದರಡಿ ಇನ್ನೊಂದು ಅರ್ಜಿ, ಅದರಡಿ ಮತ್ತೊಂದು. ಎಲ್ಲದರಲ್ಲೂ ಒಂದೇ ಕೋರಿಕೆ, ಹಕ್ಕುಪತ್ರ. ಮೊದಲನೆಯದಕ್ಕೆ ಹೆಬ್ಬೆಟ್ಟು, ಕೊನೆಯದಕ್ಕೆ ವಿದ್ಯಾಳ ಸಹಿ. ಕಚೇರಿಯ ಮೊಹರು ಓದುವಂತೆ ಇರಬಾರದು.
ಅಕ್ಷರ: ಕಥೆ, ಚಿತ್ರಕಥೆ, ಸಂಭಾಷಣೆ: ರೇಣುಕಾ ಬಿಳಿಸಿರಿ

01:04 – 01:15
ದಾರ ಬಿಗಿಯಾಗಿ ವಿದ್ಯುತ್ ತಂತಿಯಾಗುತ್ತದೆ. ಮುಸ್ಸಂಜೆ. ಗೋಪುರದಿಂದ ಗೋಪುರಕ್ಕೆ ಕಾಡು ದಾಟಿ ಹೋಗುತ್ತದೆ. ತಂತಿಯ ಕೆಳಗೆ ಒಂದು ಸೋಗೆ ಮನೆ, ಒಳಗೆ ಬುಡ್ಡಿ ದೀಪ. ಮೂರು ಸೆಕೆಂಡು ಅಲ್ಲಾಡದೆ ನೋಡೋಣ. ತಂತಿಯ ಗುಂಯ್ಗುಡುವಿಕೆಯಿಂದಲೇ ತಂಬೂರಿಯ ಶ್ರುತಿ ಹುಟ್ಟಬೇಕು.
ಅಕ್ಷರ: ಸಂಗೀತ: ಶ್ರೀಪಾದ ಕಲ್ಲೊಡ್ಡು

01:15 – 01:22
ತಂತಿ ನೀರಿಗಿಳಿದು ಲಾಂಚಿನ ಹಿಂದಿನ ನೊರೆಯ ಸಾಲಾಗುತ್ತದೆ. ಗೌರಮ್ಮ ಬೆನ್ನು ತೋರಿಸಿ ಕಟಾಂಜನ ಹಿಡಿದು ನಿಂತಿದ್ದಾಳೆ, ಕೆಳಗೆ ನೋಡುತ್ತಾ.
ಅಕ್ಷರ: ನಿರ್ದೇಶನ: ಚೇತನಾ ಹೊಳೆಬಾಗಿಲು

01:22 – 01:30
ಜಲಾಶಯದ ಅಳತೆ ಪಟ್ಟಿ. ಗೆರೆ ಅದರ ಮೇಲೆ ಬಂದು ನಿಲ್ಲುತ್ತದೆ. ಎಂಜಿನ್ ಸದ್ದು ನಿಂತಿತು.
ಅಕ್ಷರ, ಪೂರ್ತಿ ಪರದೆಗೆ: 1819

ಈ ಪಟ್ಟಿಯ ನೀರಿನ ಮಟ್ಟ ಕಂತಿನಿಂದ ಕಂತಿಗೆ ಬದಲಾಗಬೇಕು. ಕಥೆ ಮೇ ತಿಂಗಳಲ್ಲಿ ಶುರುವಾಗುತ್ತದೆ: ಮೊದಲ ಕಂತಿನಲ್ಲಿ ನೀರು 1745ರಲ್ಲಿದೆ. ಮಳೆಗಾಲದ ಜೊತೆಗೆ ಅದೂ ಏರುತ್ತಾ ಹೋಗುತ್ತದೆ. ಎಂಟನೆಯ ಕಂತಿನಲ್ಲಿ ನೀರು ಬಿಳಿ ಗೆರೆಯನ್ನು ಮುಟ್ಟುತ್ತದೆ, ಅಂಕಿಗಳು ಹಸಿ ಅಕ್ಕಿ ಬಣ್ಣದಂತೆ ಮಾಸಿ ಕಾಣದಾಗುತ್ತವೆ, ಮತ್ತು ನೇರವಾಗಿ ಗೌರಮ್ಮನ ಹೊಸ ಗೋಡೆಗೆ ಕತ್ತರಿಸುತ್ತೇವೆ.