ವಿಷಯ: ನಿಮ್ಮ ಪೋರ್ಟ್‌ಫೋಲಿಯೋ, ಶನಿವಾರ ಒಪ್ಪಿಕೊಂಡ ಐದು ಅಂಶಗಳ ಪ್ರಕಾರ

ನಮಸ್ಕಾರ ಮೇಘನಾ,

ನಿಮ್ಮ ಡಿಸೈನ್ ಪೋರ್ಟ್‌ಫೋಲಿಯೋ ಎರಡು ಸಲ ನೋಡಿದೆ. ಬುಧವಾರ ರಾತ್ರಿ ಲ್ಯಾಪ್‌ಟಾಪಿನಲ್ಲಿ, ಇವತ್ತು ಬೆಳಿಗ್ಗೆ ಮೆಟ್ರೋದಲ್ಲಿ ಫೋನಿನಲ್ಲಿ. ಎರಡನೇ ಸಲ ಬೇಕಂತಲೇ ಹಾಗೆ ನೋಡಿದ್ದು. ಕೆಲಸಕ್ಕೆ ಜನ ಹುಡುಕುವವರು ಎಷ್ಟೋ ಸಲ ಎರಡು ಮೀಟಿಂಗ್ ನಡುವೆ ಫೋನಿನಲ್ಲೇ ಮೊದಲು ತೆರೆಯುತ್ತಾರೆ.

ಜಯನಗರದಲ್ಲಿ ಕೂತು ಐದು ಅಂಶ ಬರೆದುಕೊಂಡಿದ್ದೆವಲ್ಲ: ಸಮಸ್ಯೆ, ನಿರ್ಧಾರ, ನಿಮ್ಮ ಪಾಲು, ಅಕ್ಷರ ಮತ್ತು ಬಣ್ಣ, ಆಧಾರ. ಅಂಕ ಬೇಡ, ‘ಇದೆ’, ‘ಅರ್ಧ ಇದೆ’, ‘ಇಲ್ಲ’ ಅಂತ ಮಾತ್ರ ಹೇಳಿ ಅಂದಿದ್ದಿರಿ. ಹಾಗೇ ಬರೆದಿದ್ದೇನೆ. ಈ ಐದರ ಹೊರಗಿನ ನನ್ನ ಇಷ್ಟಾನಿಷ್ಟಗಳನ್ನು ಇಲ್ಲಿ ತಂದಿಲ್ಲ. ಮುಖಪುಟದ ನೇರಳೆ ಬಣ್ಣ ನನಗೆ ಹಿಡಿಸಲಿಲ್ಲ ಅಂದರೆ ಅದು ನನ್ನ ರುಚಿ, ನಿಮ್ಮ ತಪ್ಪಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಯೋಚನೆಗೆ ಕೊರತೆ ಇಲ್ಲ. ಆದರೆ ಆ ಯೋಚನೆಯೆಲ್ಲ ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಅಡಗಿ ಕೂತಿದೆ. ಮುಂದೆ ಇರುವುದು ಯಾರು ಬೇಕಾದರೂ ಹಾಕಬಹುದಾದ ಪುಟಗಳು. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಇದರ ಬಗ್ಗೆಯೇ.

1. ಸಮಸ್ಯೆ: ಅರ್ಧ ಇದೆ

ಬಸ್ ಪ್ರಾಜೆಕ್ಟ್ ಹೀಗೆ ಶುರುವಾಗುತ್ತದೆ: “ಬೆಂಗಳೂರಿನಲ್ಲಿ ಸಾರ್ವಜನಿಕ ಸಾರಿಗೆಯ ಬಳಕೆದಾರರು ಅನೇಕ ಸವಾಲುಗಳನ್ನು ಎದುರಿಸುತ್ತಿದ್ದಾರೆ.” ಇದು ಸುಳ್ಳಲ್ಲ. ಆದರೆ ಓದಿದವರಿಗೆ ಯಾವ ಚಿತ್ರವೂ ಮೂಡುವುದಿಲ್ಲ. ಯಾವ ಸವಾಲು? ಯಾರಿಗೆ? ಯಾವ ಸ್ಟಾಪಿನಲ್ಲಿ?

ಉತ್ತರ ನಿಮ್ಮ ಹತ್ತಿರವೇ ಇದೆ, ಹತ್ತೊಂಬತ್ತನೇ ಪುಟದಲ್ಲಿ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವ ಅಜ್ಜಿ ಹೇಳಿದ ಮಾತು: “ನಂಬರ್ ಎಲ್ಲಾ ನಂಗೆ ಗೊತ್ತಾಗಲ್ಲ ಕಣವ್ವ. ಯಶವಂತಪುರಕ್ಕೆ ಹೋಗ್ತದಾ ಇಲ್ವಾ, ಅಷ್ಟು ಹೇಳು.” ಇದನ್ನು ಓದಿ ಮೆಟ್ರೋದಲ್ಲಿ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದೆ. ನಿಮ್ಮ ಇಡೀ ಪ್ರಾಜೆಕ್ಟ್ ಈ ಒಂದು ಮಾತಿನ ಮೇಲೆ ನಿಂತಿದೆ, ಅಲ್ವಾ? ಬಸ್ಸಿನ ನಂಬರ್ ಗೊತ್ತಿದ್ದವರಿಗೆ ಮಾತ್ರ ನಡೆಯುವ ಪರದೆ, ಇಳಿಯುವ ಜಾಗ ಮಾತ್ರ ಗೊತ್ತಿರುವ ಮನುಷ್ಯರು. ಸಮಸ್ಯೆ ಇದು. ಈ ಮಾತು ಮೊದಲ ಪುಟಕ್ಕೆ ಬರಬೇಕು. ಅದರ ಕೆಳಗೆ ನಿಮ್ಮದೇ ಮಾತಿನಲ್ಲಿ ಎರಡು ಸಾಲು ಸಾಕು.

ದರ್ಶಿನಿ ಕೌಂಟರಿನ ಪ್ರಾಜೆಕ್ಟಿನಲ್ಲಿ ಸಮಸ್ಯೆ ಚೆನ್ನಾಗಿ ಬಂದಿದೆ. “ಬೆಳಿಗ್ಗೆ ಎಂಟೂವರೆಗೆ ಬಿಲ್ ಹಾಕುವವರು ತಲೆ ಎತ್ತದೆ ಆರ್ಡರ್ ತಗೋತಾರೆ, ಪರದೆ ನೋಡಲು ಅವರಿಗೆ ಒಂದು ಕ್ಷಣವೂ ಇಲ್ಲ.” ಇದನ್ನು ಮುಟ್ಟಬೇಡಿ. ಬಸ್ಸಿನದನ್ನೂ ಇದೇ ಧಾಟಿಯಲ್ಲಿ ಬರೆಯಿರಿ.

2. ನಿರ್ಧಾರ: ಅರ್ಧ ಇದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಐದರಲ್ಲಿ ಇದೇ ಮುಖ್ಯ ಅಂತ ಅವತ್ತೇ ಇಬ್ಬರೂ ಒಪ್ಪಿದ್ದೆವು.

ಬಸ್, ದರ್ಶಿನಿ, ಕ್ಲಿನಿಕ್ ಮೂರೂ ಪ್ರಾಜೆಕ್ಟ್‌ಗಳಲ್ಲಿ ಡಬಲ್ ಡೈಮಂಡ್ ಚಿತ್ರ ಇದೆ, ಹಳದಿ ಚೀಟಿ ಅಂಟಿಸಿದ ಗೋಡೆಯ ಫೋಟೋ ಇದೆ, ಪರ್ಸೋನಾ ಕಾರ್ಡ್ ಇದೆ. ಇವು ನೀವು ಒಂದು ಕ್ರಮ ಪಾಲಿಸಿದ್ದೀರಿ ಅನ್ನುತ್ತವೆ ಅಷ್ಟೆ. ಆ ಕ್ರಮದಿಂದ ನಿಮಗೆ ಏನು ಗೊತ್ತಾಯಿತು, ಅದರಿಂದ ಪರದೆಯಲ್ಲಿ ಏನು ಬದಲಾಯಿತು ಅನ್ನುವುದು ಇಲ್ಲ. ಫೋಟೋದಲ್ಲಿ ಚೀಟಿಗಳ ಮೇಲಿನ ಬರಹವನ್ನು ಓದಲೂ ಆಗುವುದಿಲ್ಲ. ಓದಲಾಗದ ಚೀಟಿ ಯಾರಿಗೂ ಏನೂ ತಿಳಿಸುವುದಿಲ್ಲ.

ಇಪ್ಪತ್ತೆರಡನೇ ಪುಟ ನೋಡಿ. ಎಡಕ್ಕೆ ಮೊದಲ ಆವೃತ್ತಿ, ಮೇಲುಗಡೆ ‘ಮಾರ್ಗ ಸಂಖ್ಯೆ ನಮೂದಿಸಿ’. ಬಲಕ್ಕೆ ಮೂರನೇ ಆವೃತ್ತಿ, ‘ಎಲ್ಲಿ ಇಳೀಬೇಕು?’. ಎಂಥ ಬದಲಾವಣೆ ಇದು! ಫಾರ್ಮ್ ತುಂಬಿಸುವ ಭಾಷೆ ಹೋಗಿ ಕಂಡಕ್ಟರ್ ಕೇಳುವ ಭಾಷೆ ಬಂದಿದೆ. ಆದರೆ ಕೆಳಗೆ ಬರೆದಿರುವುದು “ಯುಐ ಅನ್ನು ಸುಧಾರಿಸಲಾಯಿತು” ಅಂತ. ಯಾರು ಸುಧಾರಿಸಿದರು? ಯಾಕೆ? ನಡುವಿನ ಎರಡನೇ ಆವೃತ್ತಿ ಎಲ್ಲಿ ಹೋಯಿತು?

ಅವತ್ತು ಕಾಫಿ ಕುಡಿಯುತ್ತಾ ನೀವು ಹೇಳಿದ್ದು ನನಗೆ ನೆನಪಿದೆ. ಎರಡನೇ ಆವೃತ್ತಿಯಲ್ಲಿ ನಕ್ಷೆ ಹಾಕಿದ್ದಿರಿ. ಶಿವಾಜಿನಗರದ ಸ್ಟಾಪಿನಲ್ಲಿ ಏಳು ಜನರಿಗೆ ತೋರಿಸಿದಾಗ ಐದು ಜನ ನಕ್ಷೆಯನ್ನು ಮುಟ್ಟಲೇ ಇಲ್ಲ. ಇಳಿಯುವ ಜಾಗದ ಹೆಸರನ್ನು ಬಾಯಲ್ಲೇ ಹೇಳಿದರು. ನಕ್ಷೆಗೆ ಎರಡು ವಾರ ಖರ್ಚಾಗಿದ್ದರೂ ತೆಗೆದುಹಾಕಿದಿರಿ. ಪೋರ್ಟ್‌ಫೋಲಿಯೋದಲ್ಲಿ ಇದರ ಒಂದು ಸಾಲೂ ಇಲ್ಲ. ಸೋತ ಆವೃತ್ತಿ ತೋರಿಸಿದರೆ ಕಡಿಮೆ ಅನ್ನಿಸುತ್ತದೇನೋ ಅಂತ ಬಿಟ್ಟಿರಿ ಅನ್ನಿಸಿತು. ನಾನು ಸಂದರ್ಶನ ಮಾಡುವಾಗ ಹುಡುಕುವುದು ಅದನ್ನೇ. ಕಷ್ಟಪಟ್ಟು ಮಾಡಿದ್ದನ್ನು ಕಾರಣ ಸಿಕ್ಕಾಗ ಬಿಡಬಲ್ಲವರು ತಂಡಕ್ಕೆ ಬೇಕು.

ಹಾಗಾಗಿ ಪ್ರತಿ ಪ್ರಾಜೆಕ್ಟಿನಲ್ಲೂ ಮೂರು ನಿರ್ಧಾರ ಆರಿಸಿ. ಪ್ರತಿಯೊಂದಕ್ಕೂ ಮೊದಲು ಏನಿತ್ತು, ಏನು ಕಂಡಿರಿ, ಏನು ಬದಲಾಯಿಸಿದಿರಿ, ಅದರಿಂದ ಏನು ಕಳೆದುಕೊಂಡಿರಿ ಅಂತ ಬರೆಯಿರಿ. ಕೊನೆಯದನ್ನು ಮರೆಯಬೇಡಿ. ನಕ್ಷೆ ತೆಗೆದಿದ್ದರಿಂದ ಊರಿಗೆ ಹೊಸಬರಾದವರಿಗೆ ತೊಂದರೆ ಆಗಿರಲೇಬೇಕು. ಅದನ್ನು ಒಪ್ಪಿಕೊಂಡು ಬರೆದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

3. ನಿಮ್ಮ ಪಾಲು: ಇಲ್ಲ

ಕ್ಲಿನಿಕ್ ಆ್ಯಪ್ ಆಫೀಸಿನಲ್ಲಿ ನಾಲ್ಕು ಜನ ಸೇರಿ ಮಾಡಿದ್ದು ಅಂತ ನನಗೆ ಗೊತ್ತು. ಓದುವವರಿಗೆ ಗೊತ್ತಿಲ್ಲ. ಎಲ್ಲ ಕಡೆ “ನಾವು” ಇದೆ. ನೀವು ಮಾಡಿದ್ದು ಅಪಾಯಿಂಟ್‌ಮೆಂಟ್ ಬದಲಾಯಿಸುವ ಭಾಗ ಮತ್ತು ಅದರ ಎಲ್ಲ ಎರರ್ ಸಂದೇಶಗಳು. ಅದು ಸಣ್ಣ ಕೆಲಸ ಅಲ್ಲ. ಮೊದಲ ಸಾಲಿನಲ್ಲೇ ಹಾಗೇ ಬರೆಯಿರಿ, ಉಳಿದದ್ದು ಯಾರ ಕೆಲಸ ಅಂತಲೂ ಬರೆಯಿರಿ.

ಇದು ನನಗೆ ತಟ್ಟಿದ ವಿಷಯ. ನನ್ನ ಎರಡನೇ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ನಾನೂ ಎಲ್ಲ ಕಡೆ “ನಾವು” ಅಂತ ಬರೆದಿದ್ದೆ. “ಇದರಲ್ಲಿ ನಿಮ್ಮದು ಯಾವುದು?” ಅಂತ ಕೇಳಿದರು. ತಡವರಿಸಿದೆ. ನನ್ನದೇ ಆಗಿದ್ದ ಕೆಲಸವೂ ಆವತ್ತು ಅವರ ಕಣ್ಣಿಗೆ ಬೇರೆಯವರದ್ದಾಯಿತು. ನಿಮಗೆ ಹಾಗಾಗಬಾರದು.

ಇನ್ನೊಂದು. ಬಸ್ ಪ್ರಾಜೆಕ್ಟ್ ನೀವಾಗಿಯೇ ಮಾಡಿದ್ದು. ಆದರೆ ಮುಖಪುಟದಲ್ಲಿ ಬಿಎಂಟಿಸಿ ಲಾಂಛನ ದೊಡ್ಡದಾಗಿ ಇದೆ, ಅವರೇ ಮಾಡಿಸಿದ ಹಾಗೆ ಕಾಣುತ್ತದೆ. ಲಾಂಛನ ತೆಗೆದು ‘ಸ್ವಂತ ಆಸಕ್ತಿಯಿಂದ ಮಾಡಿದ ಕೆಲಸ’ ಅಂತ ಹಾಕಿ. ಕ್ಲಿನಿಕ್ ಪರದೆಗಳನ್ನು ಹೊರಗೆ ತೋರಿಸಬಹುದಾ ಅಂತ ನಿಮ್ಮ ಮ್ಯಾನೇಜರ್ ಹತ್ತಿರ ಬರಹದಲ್ಲಿ ಕೇಳಿ. ಒಪ್ಪಿಗೆ ಬರುವ ತನಕ ಆ ಪ್ರಾಜೆಕ್ಟಿಗೆ ಪಾಸ್‌ವರ್ಡ್ ಇರಲಿ.

4. ಅಕ್ಷರ ಮತ್ತು ಬಣ್ಣ: ಅರ್ಧ ಇದೆ

ಅಂತರ, ಗ್ರಿಡ್, ಐಕಾನ್ ಎಲ್ಲ ಅಚ್ಚುಕಟ್ಟು. ದರ್ಶಿನಿ ಪರದೆಯ ಬಟನ್‌ಗಳು ಬೆರಳಿಗೆ ಸರಿಯಾಗಿ ಸಿಗುವ ಹಾಗಿವೆ. ಆಂಡ್ರಾಯ್ಡ್ ಹೇಳುವ 48 ಡಿಪಿಗಿಂತ ದೊಡ್ಡದು ಮಾಡಿದ್ದು ಒಳ್ಳೆಯದೇ ಆಯಿತು, ಅವರ ಕೈ ಒದ್ದೆ ಇರುತ್ತದೆ.

ತೊಂದರೆ ಇರುವುದು ಕನ್ನಡ ಅಕ್ಷರದಲ್ಲಿ. ಬಸ್ ಪರದೆಯಲ್ಲಿ ಹಾಕಿರುವ ಊರುಗಳು ಜಯನಗರ, ಬನಶಂಕರಿ, ಕೋರಮಂಗಲ. ಮೂರರಲ್ಲೂ ಒಂದೇ ಒಂದು ಒತ್ತಕ್ಷರ ಇಲ್ಲ! ಅದಕ್ಕೇ ನಿಮ್ಮ 1.2 ಸಾಲಿನ ಎತ್ತರ ಚೆನ್ನಾಗಿ ಕಾಣುತ್ತಿದೆ. ಆ ಜಾಗದಲ್ಲಿ ‘ಕೃಷ್ಣರಾಜೇಂದ್ರ ಮಾರುಕಟ್ಟೆ’ ಹಾಕಿ ನೋಡಿ. ನಾನು ನಿಮ್ಮ ಫೈಲಿನ ಪ್ರತಿ ಮಾಡಿಕೊಂಡು ಹಾಕಿದೆ. ಹೆಸರು ಎರಡು ಸಾಲಾಯಿತು. ಮೇಲಿನ ಸಾಲಿನ ಷ್ಣ, ದ್ರ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗಿದವು. ಕೊನೆಯ ಟ್ಟೆ ಒತ್ತು ಡಬ್ಬಿಯ ಅಂಚಿನಲ್ಲಿ ಅರ್ಧ ಕತ್ತರಿಸಿಹೋಯಿತು. ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’ ಅಂತೂ ಬಟನ್ ಹೊರಗೇ ಹೋಯಿತು.

ಇಂಗ್ಲಿಷಿಗೆ ಕೂತ ಅಳತೆ ಕನ್ನಡಕ್ಕೆ ಕೂರುವುದಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಜಾಗ ಬೇಕು. 1.6ರಿಂದ ಶುರು ಮಾಡಿ, ಕಣ್ಣಿಗೆ ಹಿಡಿಸುವ ತನಕ ಹೊಂದಿಸಿ. ಎತ್ತರ ಕಟ್ಟಿದ ಡಬ್ಬಿ ಬೇಡ, ಬರಹ ಬೆಳೆದಂತೆ ಬೆಳೆಯುವ ಡಬ್ಬಿ ಇರಲಿ. ಕನ್ನಡ ಸಾಲುಗಳಿಗೆ ಇಟಾಲಿಕ್ ಕೊಟ್ಟಿದ್ದೀರಿ. ನೋಟೋ ಸಾನ್ಸ್ ಕನ್ನಡದಲ್ಲಿ ಇಟಾಲಿಕ್ ಇಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ಓರೆ ಮಾಡಿದೆ. ಒತ್ತಿ ಹೇಳಬೇಕಾದರೆ ದಪ್ಪ ಅಕ್ಷರ ಬಳಸಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಬೆಂಗಳೂರಿನಲ್ಲಿ ಕೂತು ಕನ್ನಡ ಪರದೆಯನ್ನು ಕಾಳಜಿಯಿಂದ ಮಾಡುವ ಡಿಸೈನರ್‌ಗಳು ಇನ್ನೂ ಜಾಸ್ತಿ ಬೇಕು. ನೀವು ಕನ್ನಡದಲ್ಲೇ ಯೋಚಿಸಿ ‘ಎಲ್ಲಿ ಇಳೀಬೇಕು?’ ಅಂತ ಬರೆದವರು. ಅಕ್ಷರದ ಅಳತೆಯೂ ಅದಕ್ಕೆ ತಕ್ಕ ಹಾಗೆ ಇರಬೇಕು.

ಬಣ್ಣದ ಮಾತು ಚಿಕ್ಕದು. ಬೂದು ಬರಹ `#999999` ಬಿಳಿಯ ಮೇಲೆ 2.85:1 ಕಾಂಟ್ರಾಸ್ಟ್ ಮಾತ್ರ ಕೊಡುತ್ತದೆ. ಡಬ್ಲ್ಯುಸಿಎಜಿಯ ಎಎ ಮಟ್ಟಕ್ಕೆ ಸಾಮಾನ್ಯ ಗಾತ್ರದ ಬರಹಕ್ಕೆ 4.5:1 ಬೇಕು. `#595959` ಹಾಕಿದರೆ 7:1 ಬರುತ್ತದೆ. ಅಜ್ಜಿಯ ಮಾತನ್ನು ಬರೆದಿರುವುದೂ ಇದೇ ಬೂದು ಬಣ್ಣದಲ್ಲಿ!

5. ಆಧಾರ: ಅರ್ಧ ಇದೆ

“ಬಳಕೆದಾರರ ತೃಪ್ತಿ 40% ಹೆಚ್ಚಾಯಿತು” ಅನ್ನುವ ಸಾಲು ತೆಗೆದುಬಿಡಿ. ದರ್ಶಿನಿಯಲ್ಲಿ ಪರೀಕ್ಷೆ ಮಾಡಿದ್ದು ಐದು ಜನರ ಜೊತೆ. ಐದು ಜನರಿಂದ ಶೇಕಡಾ ಲೆಕ್ಕ ಹುಟ್ಟುವುದಿಲ್ಲ. ತಿಳಿದವರು ಅದನ್ನು ನೋಡಿದರೆ ಉಳಿದ ನಿಜಗಳನ್ನೂ ಅನುಮಾನದಿಂದ ನೋಡುತ್ತಾರೆ. ‘ಐದು ಜನರಲ್ಲಿ ನಾಲ್ವರು ಕೇಳದೆಯೇ ಆರ್ಡರ್ ರದ್ದು ಮಾಡಿದರು, ಒಬ್ಬರಿಗೆ ಬಟನ್ ಸಿಗಲಿಲ್ಲ’ ಅಂತ ನಿಮ್ಮ ಟಿಪ್ಪಣಿಯಲ್ಲೇ ಇದೆ. ಅದನ್ನೇ ಹಾಕಿ. ಆ ಒಬ್ಬರಿಗೆ ಯಾಕೆ ಸಿಗಲಿಲ್ಲ ಅಂತಲೂ ಸೇರಿಸಿ.

ಇಷ್ಟು. ನಾಲ್ಕನೆಯದಾಗಿ ಹಾಕಿರುವ ಹವಾಮಾನ ಆ್ಯಪ್ ತೆಗೆಯಿರಿ. ಅದರಲ್ಲಿ ಈ ಐದರಲ್ಲಿ ಒಂದೂ ಇಲ್ಲ, ಅದು ಕೈ ಪಳಗಿಸಿಕೊಳ್ಳಲು ಮಾಡಿದ್ದು. ಪಿಡಿಎಫ್ 38 ಎಂಬಿ ಇದೆ, ಮೆಟ್ರೋ ಸುರಂಗದಲ್ಲಿ ಅರ್ಧಕ್ಕೇ ನಿಂತಿತು. ಚಿತ್ರಗಳನ್ನು ಹಗುರ ಮಾಡಿ.

ಎಲ್ಲವನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಮುಂದಿನ ಶನಿವಾರಕ್ಕೆ ಬಸ್ ಪ್ರಾಜೆಕ್ಟ್ ಮಾತ್ರ ಸಾಕು: ಅಜ್ಜಿಯ ಮಾತು ಮೊದಲ ಪುಟಕ್ಕೆ, ನಕ್ಷೆ ತೆಗೆದ ಕಥೆ, ಒತ್ತಕ್ಷರ ಇರುವ ಹೆಸರುಗಳು. “ನಾವು” ತಿದ್ದಲು ಅರ್ಧ ಗಂಟೆ ಸಾಕು, ಅದನ್ನು ಇವತ್ತೇ ಮಾಡಿ. ನಾನು ಹೇಳಿದ್ದರಲ್ಲಿ ಯಾವುದಾದರೂ ಸರಿ ಅನ್ನಿಸದಿದ್ದರೆ ಬದಲಾಯಿಸಬೇಡಿ. ಯಾಕೆ ಅನ್ನಿಸಲಿಲ್ಲ ಅಂತ ಬರೆದು ತನ್ನಿ, ಕೂತು ಮಾತಾಡೋಣ.

ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಜಾಗ. ಫೋನಿನಲ್ಲಿ ತೆರೆದು ತೋರಿಸಿ, ಲ್ಯಾಪ್‌ಟಾಪ್ ತರಬೇಡಿ.

ಪ್ರೀತಿಯಿಂದ,
ಶ್ರೀವಿದ್ಯಾ